ಆಷಾಢದ ಗಾಳಿ ಎಲ್ಲಿಂದ ಬರುತ್ತದೆ?

(ಸುವರ್ಣ ಮಹೋತ್ಸವದ ಸಮಾರಂಭದಲ್ಲಿ ನಮ್ಮ ಶಾಲೆಯ ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಹತ್ತು ನಿಮಿಷ ಮಾತನಾಡಿ ಎಂದು ಹೇಳಿದ್ದಾರೆ. ಹಳೆಯ ನೆನಪು ಹೇಳುವವರು ನನ್ನ ಹಿಂದೆ ಸಾಲಾಗಿ ಕೂತಿದ್ದಾರೆ. ನಾನು ವಿಜ್ಞಾನದ ಮೇಷ್ಟ್ರು, ಆದ್ದರಿಂದ ಒಂದು ಪಾಠವನ್ನೇ ಮಾಡಿಬಿಡುತ್ತೇನೆ. ಅದು ನಾನು ವರ್ಷಗಟ್ಟಲೆ ಅರ್ಧ ಮಾತ್ರ ಮಾಡಿದ ಪಾಠ. ಉಳಿದರ್ಧವನ್ನು ಇವತ್ತು ಒಪ್ಪಿಸಬೇಕು.

ಆಗ ಈ ಸುತ್ತಿನಲ್ಲಿ ಇಷ್ಟು ಮನೆಗಳಿರಲಿಲ್ಲ, ರಾಗಿ ಹೊಲಗಳಿದ್ದವು. ಆಷಾಢ ಬಂತೆಂದರೆ ಹುಡುಗರ ಕೈಯಲ್ಲಿ ಪುಸ್ತಕಕ್ಕಿಂತ ಗಾಳಿಪಟವೇ ಹೆಚ್ಚು. ದಾರ ಕಿತ್ತುಕೊಂಡ ಪಟ ಯಾವಾಗಲೂ ಕೆ.ಆರ್. ಪುರದ ಕಡೆಗೇ ಹೋಗುತ್ತಿತ್ತು, ಅಂದರೆ ಪೂರ್ವಕ್ಕೆ. ಅದೇ ಕಾರ್ತಿಕ ಕಳೆದ ಮೇಲೆ ಯಾರಾದರೂ ಹೊಲದಲ್ಲಿ ಕಸಕ್ಕೆ ಬೆಂಕಿ ಹಾಕಿದರೆ, ಹೊಗೆ ಲಿಂಗರಾಜಪುರದ ಕಡೆಗೆ, ಪಶ್ಚಿಮಕ್ಕೆ ವಾಲುತ್ತಿತ್ತು. ವರ್ಷದಲ್ಲಿ ಎರಡು ಸಲ ಗಾಳಿ ದಿಕ್ಕು ಬದಲಿಸುತ್ತದೆ. ಮುಂಗಾರು, ಹಿಂಗಾರು ಎಂದು ನಮ್ಮ ರೈತರು ಕರೆಯುವುದು ಇದನ್ನೇ.

ಯಾಕೆ ಹೀಗೆ? ತರಗತಿಯಲ್ಲಿ ನಾನು ಎರಡು ತಟ್ಟೆ ಇಟ್ಟು ತೋರಿಸುತ್ತಿದ್ದೆ. ಒಂದರಲ್ಲಿ ಮರಳು, ಇನ್ನೊಂದರಲ್ಲಿ ನೀರು. ಎರಡನ್ನೂ ಅಂಗಳದ ಬಿಸಿಲಿನಲ್ಲಿ ಇಡುವುದು. ಒಂದು ಗಂಟೆ ಕಳೆದು ಮುಟ್ಟಿದರೆ ಮರಳು ಚುರುಗುಟ್ಟುತ್ತಿತ್ತು, ನೀರು ಉಗುರುಬೆಚ್ಚಗೆ ಇರುತ್ತಿತ್ತು. ಇದಕ್ಕೆ ಮೂರು ಕಾರಣಗಳಿವೆ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು, ಅಷ್ಟೇ ತೂಕದ ಒಣಮಣ್ಣಿಗೆ ಬೇಕಾದುದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು ಶಾಖ ಬೇಕು. ಎರಡನೆಯದಾಗಿ, ಕಡಲಿನಲ್ಲಿ ಅಲೆಗಳು ಮೇಲಿನ ನೀರನ್ನು ಕೆಳಗಿನ ನೀರಿನೊಂದಿಗೆ ಕಲಸುತ್ತವೆ. ಬಿದ್ದ ಶಾಖ ಹತ್ತಾರು ಮೀಟರ್ ಆಳಕ್ಕೆ ಹಂಚಿಹೋಗುತ್ತದೆ. ನೆಲದಲ್ಲಿ ಕಲಸುವವರು ಯಾರು? ಶಾಖವೆಲ್ಲ ಮೇಲುಪದರದಲ್ಲೇ ಉಳಿಯುತ್ತದೆ. ಮೂರನೆಯದಾಗಿ, ಕಡಲಿಗೆ ಬಿದ್ದ ಶಾಖದ ದೊಡ್ಡ ಪಾಲು ನೀರನ್ನು ಆವಿ ಮಾಡಲು ಖರ್ಚಾಗುತ್ತದೆ. ಹೀಗಾಗಿ ನೆಲ ಬೇಗ ಕಾಯುತ್ತದೆ, ಬೇಗ ಆರುತ್ತದೆ. ಕಡಲು ಎರಡಕ್ಕೂ ನಿಧಾನ.

ಏಪ್ರಿಲ್, ಮೇ ತಿಂಗಳಲ್ಲಿ ಸೂರ್ಯ ಉತ್ತರಕ್ಕೆ ಬಂದಾಗ ರಾಜಸ್ಥಾನ ಮತ್ತು ಪಾಕಿಸ್ತಾನದ ಮರುಭೂಮಿ ಕಾದ ಹೆಂಚಿನಂತಾಗುತ್ತದೆ. ಅಲ್ಲಿನ ಗಾಳಿ ಹಗುರವಾಗಿ ಮೇಲೇಳುತ್ತದೆ, ಒತ್ತಡ ಇಳಿಯುತ್ತದೆ. ಅದೇ ಹೊತ್ತಿಗೆ ಭೂಮಧ್ಯರೇಖೆಯ ಆಚೆ, ಮಾರಿಷಸ್ ದ್ವೀಪದ ದಕ್ಷಿಣದ ಕಡಲಿನ ಮೇಲೆ ಚಳಿಗಾಲ. ಅಲ್ಲಿ ತಂಪಾದ, ಭಾರವಾದ ಗಾಳಿ ಕೂತಿರುತ್ತದೆ. ಒತ್ತಡ ಹೆಚ್ಚಿದ್ದಲ್ಲಿಂದ ಕಡಿಮೆ ಇದ್ದಲ್ಲಿಗೆ ಗಾಳಿ ಹೊರಡುತ್ತದೆ. ಭೂಮಿ ತಿರುಗುತ್ತಿರುವುದರಿಂದ, ಭೂಮಧ್ಯರೇಖೆ ದಾಟಿದ ಗಾಳಿ ತನ್ನ ಬಲಕ್ಕೆ ಬಾಗುತ್ತದೆ. ದಕ್ಷಿಣದಿಂದ ಹೊರಟದ್ದು ನೈಋತ್ಯದ ಗಾಳಿಯಾಗಿ ಅರಬ್ಬಿ ಸಮುದ್ರ ದಾಟಿ, ಜೂನ್ 1ರ ಸುಮಾರಿಗೆ ಕೇರಳ ಮುಟ್ಟುತ್ತದೆ. ಚಳಿಗಾಲದಲ್ಲಿ ಇದು ತಿರುವುಮುರುವು. ಉತ್ತರದ ನೆಲ ಆರಿರುತ್ತದೆ, ಕಡಲು ಇನ್ನೂ ಬೆಚ್ಚಗಿರುತ್ತದೆ. ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಬಂಗಾಳ ಕೊಲ್ಲಿಯ ಮೇಲೆ ಹಾದು ನೀರು ಹೊತ್ತ ಪಾಲು ತಮಿಳುನಾಡಿಗೆ ಮಳೆ ಕೊಡುತ್ತದೆ, ನಮಗೆ ಹಿಂಗಾರು ಕೊಡುತ್ತದೆ.

ಇಷ್ಟು ಹೇಳಿ ನಾನು ಬೋರ್ಡು ಒರೆಸಿಬಿಡುತ್ತಿದ್ದೆ. 1686ರಲ್ಲಿ ಎಡ್ಮಂಡ್ ಹ್ಯಾಲಿ ಕೊಟ್ಟ ವಿವರಣೆಯೂ ಹೆಚ್ಚುಕಡಿಮೆ ಇದೇ. ಒಂದು ವರ್ಷ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. "ಸಾರ್, ನೆಲ ಜಾಸ್ತಿ ಕಾಯೋದು ಮೇ ತಿಂಗಳಲ್ಲಿ. ಮಳೆ ಬಿದ್ದ ಮೇಲೆ ನೆಲ ತಣ್ಣಗಾಗುತ್ತೆ. ಹಾಗಿದ್ರೆ ಗಾಳಿ ನಿಲ್ಲಬೇಕಲ್ವ? ಜುಲೈನಲ್ಲಿ ಯಾಕೆ ಇನ್ನೂ ಜೋರಾಗುತ್ತೆ?" ನನಗೆ ಉತ್ತರ ಗೊತ್ತಿರಲಿಲ್ಲ. "ಅದೆಲ್ಲ ಪರೀಕ್ಷೆಗೆ ಬರಲ್ಲಮ್ಮ, ಕೂತ್ಕೊ" ಎಂದುಬಿಟ್ಟೆ. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಅವಳ ಪ್ರಶ್ನೆ ಸಣ್ಣದಲ್ಲ. ಜಾರ್ಜ್ ಸಿಂಪ್ಸನ್ ಎಂಬ ಹವಾಮಾನ ವಿಜ್ಞಾನಿ 1921ರಲ್ಲಿ ಇದನ್ನೇ ಎತ್ತಿದ್ದರು. ಮಳೆಗಿಂತ ಮೊದಲೇ ನೆಲ ಹೆಚ್ಚು ಬಿಸಿ, ಮಳೆ ಕಡಿಮೆ ಬೀಳುವ ಸೀಮೆಯೇ ಹೆಚ್ಚು ಬಿಸಿ. 2002ರ ಜುಲೈ ನೆನಪಿರಬಹುದು. ದೇಶದಲ್ಲಿ ವಾಡಿಕೆಯ ಸುಮಾರು ಅರ್ಧದಷ್ಟೇ ಮಳೆ ಬಿತ್ತು. ಮಳೆ ಕೈಕೊಟ್ಟ ವರ್ಷ ನೆಲ ತಂಪಾಗಿರುವುದಿಲ್ಲ, ಇನ್ನಷ್ಟು ಕಾದಿರುತ್ತದೆ. "ಬಿಸಿಲು ಜಾಸ್ತಿ, ಈ ವರ್ಷ ಮಳೆ ಚೆನ್ನಾಗಿ ಆಗುತ್ತೆ" ಎಂದು ನಾವು ಹೇಳಿಕೊಳ್ಳುವ ಮಾತಿಗೆ ಆಧಾರ ಸಾಲದು.

ಉತ್ತರ ಮೋಡದೊಳಗಿದೆ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕ್ಯಾಲೊರಿ ಸಾಕು. ಅದೇ ಒಂದು ಗ್ರಾಂ ಕಡಲಿನಿಂದ ಆವಿಯಾಗಿ ಏಳಲು ಸುಮಾರು 580 ಕ್ಯಾಲೊರಿ ಬೇಕು. ಆ ಶಾಖ ಎಲ್ಲೂ ಕಳೆದುಹೋಗುವುದಿಲ್ಲ, ಆವಿಯ ಜೊತೆ ಗುಪ್ತವಾಗಿ ಪ್ರಯಾಣ ಮಾಡುತ್ತದೆ. ಆವಿ ಮೇಲೇರಿ ಹನಿಯಾಗುವಾಗ ಅಷ್ಟೂ ಶಾಖ ಸುತ್ತಲಿನ ಗಾಳಿಗೆ ಸೇರುತ್ತದೆ. ಮರುಭೂಮಿಯ ಬಿಸಿ ಗಾಳಿ ಒಂದೆರಡು ಕಿಲೋಮೀಟರ್ ಎತ್ತರಕ್ಕೆ ಏರಿ ಸುಸ್ತಾಗುತ್ತದೆ. ಮಳೆಮೋಡದ ಗಾಳಿ ಹತ್ತು ಕಿಲೋಮೀಟರಿಗೂ ಮೇಲೆ ಹೋಗುತ್ತದೆ. ಅದು ಏರಿದಷ್ಟೂ ಕೆಳಗೆ ಒತ್ತಡ ಇಳಿಯುತ್ತದೆ, ಕಡಲಿನಿಂದ ಇನ್ನಷ್ಟು ಒದ್ದೆ ಗಾಳಿ ಒಳಗೆ ಬರುತ್ತದೆ. ನೆಲದ ಕಾವು ಒಲೆ ಹಚ್ಚುವ ಕಡ್ಡಿ. ಉರಿಯುವ ಸೌದೆ ಕಡಲಿನ ಆವಿ. ಒಲೆ ಹತ್ತಿದ ಮೇಲೆ ಕಡ್ಡಿ ಆರಿದರೂ ಉರಿ ನಿಲ್ಲುವುದಿಲ್ಲ.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸುಲೋಚನಾ ಗಾಡ್ಗೀಳ್ ಅವರು ದಶಕಗಳ ಕಾಲ ಇದನ್ನು ಅಧ್ಯಯನ ಮಾಡಿದರು. ಸೂರ್ಯನ ಜೊತೆ ಉತ್ತರ ದಕ್ಷಿಣಕ್ಕೆ ಸರಿಯುವ ದೊಡ್ಡ ಮೋಡದ ಪಟ್ಟಿಯೊಂದು ಉಷ್ಣವಲಯದಲ್ಲಿದೆ, ಅದು ಬೇಸಿಗೆಯಲ್ಲಿ ನಮ್ಮ ನೆಲದ ಮೇಲಕ್ಕೆ ಬರುವುದೇ ಮುಂಗಾರು ಎಂಬುದು ಅವರ ವಾದ. ಬರಿ ದೊಡ್ಡದೊಂದು ಕಡಲ ಗಾಳಿ ಎಂದು ಅದನ್ನು ತಿಳಿದರೆ ಸಾಲದು ಎಂದು ಅವರು ಒತ್ತಿ ಹೇಳುತ್ತಿದ್ದರು.

ಇನ್ನೊಂದು ಅನುಮಾನ ಹಿರಿಯರಿಗೆ ಇರಬಹುದು. ಆಷಾಢದಲ್ಲಿ ಅಷ್ಟು ಜೋರು ಗಾಳಿ ಇದ್ದರೂ ನಮಗೆ ಬರಿ ಜಡಿಮಳೆ ಯಾಕೆ? ಆ ಗಾಳಿ ಪಶ್ಚಿಮ ಘಟ್ಟ ಹತ್ತುವಾಗಲೇ ತನ್ನ ನೀರಿನ ಬಹುಪಾಲನ್ನು ಆಗುಂಬೆಯಂಥ ಕಡೆ ಸುರಿದು, ಹಗುರಾಗಿ ನಮ್ಮ ಕಡೆ ಇಳಿಯುತ್ತದೆ. ಬೆಂಗಳೂರಿಗೆ ಜುಲೈನಲ್ಲಿ ಸರಾಸರಿ 110 ಮಿಲಿಮೀಟರ್ ಆಸುಪಾಸು ಮಳೆ, ಸೆಪ್ಟೆಂಬರಿನಲ್ಲಿ ಸುಮಾರು 200. ಆಗಸ್ಟ್ 18ರ ಸುಮಾರಿಗೆ ದಕ್ಷಿಣಕ್ಕೆ ಮರಳುವ ಸೂರ್ಯ ನಮ್ಮ ನೆತ್ತಿಯ ಮೇಲೆ ಹಾದುಹೋಗುತ್ತಾನೆ. ಆಮೇಲೆ ಪಶ್ಚಿಮದ ಗಾಳಿ ಸಡಿಲವಾಗುತ್ತದೆ, ಮಧ್ಯಾಹ್ನ ನೆಲ ಕಾದು ಸಂಜೆಗೆ ಗುಡುಗು ಮಳೆಯಾಗುತ್ತದೆ. ಈ ಸುತ್ತಿನ ರಾಗಿಗೆ ತೆನೆ ಕಟ್ಟಿಸಿದ್ದು ಆಷಾಢದ ಗಾಳಿಯಲ್ಲ, ಈ ಸಂಜೆಮಳೆ.

ಆ ಹುಡುಗಿ ಇಂದು ಈ ಸಭೆಯಲ್ಲಿದ್ದಾಳೋ ಇಲ್ಲವೋ ತಿಳಿಯದು. ಇದ್ದರೆ, ಅಮ್ಮಾ, ಅವತ್ತು ಕೂತ್ಕೊ ಎಂದಿದ್ದೆ. ನಿನ್ನ ಪ್ರಶ್ನೆ ಸರಿಯಾಗಿತ್ತು. ಉತ್ತರ ತಡವಾಗಿದ್ದಕ್ಕೆ ಕ್ಷಮೆ ಇರಲಿ.