ಜನರನ್ನು ಹಾಡಿಸಿದ ಮಾಸ್ತರರಿಗೆ ವಂದನೆ

(ಸಂತ ಸಿಸಿಲಿಯಾ ಹಬ್ಬದಂದು ಗಾನವೃಂದದ ನಾಯಕರ ಬೀಳ್ಕೊಡುಗೆಯಲ್ಲಿ ನೀಡಿದ ಪ್ರವಚನ)



ನವೆಂಬರ್ 22 ಸಂಗೀತದ ಪಾಲಕಿ ಸಂತ ಸಿಸಿಲಿಯಾಳ ಹಬ್ಬ. ಖಾನಾಪುರದಿಂದ ಬೆಳಗಾವಿಗೆ ಬಂದು ಇಪ್ಪತ್ತಕ್ಕೂ ಹೆಚ್ಚು ವರ್ಷ ನಮ್ಮ ಗಾನವೃಂದವನ್ನು ನಡೆಸಿದ ಮಾಸ್ತರರು ಇಂದು ನಿವೃತ್ತರಾಗುತ್ತಿದ್ದಾರೆ. ಇನ್ನು ಮುಂದೆ ನಮ್ಮಲ್ಲಿ ಯಾರು ಹಾಡುತ್ತಾರೆ ಎಂಬ ಚಿಂತೆ ಹಲವರದು.

1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ದೈವಾರಾಧನೆಯ ಕುರಿತು ಹೊರಡಿಸಿದ ದಸ್ತಾವೇಜು ಗಾನವೃಂದಗಳನ್ನು ಬೆಳೆಸಿರೆಂದು ಹೇಳಿತು. ಜೊತೆಗೆ, ಭಕ್ತಜನರೆಲ್ಲರೂ ತಮ್ಮ ಪಾಲಿನ ಹಾಡನ್ನು ಹಾಡುವಂತಿರಬೇಕು ಎಂದೂ ಹೇಳಿತು. ಈ ಎರಡನ್ನೂ ಒಟ್ಟಿಗೆ ಪಾಲಿಸುವುದು ಸುಲಭವಲ್ಲ. ಗಾನವೃಂದ ಚೆನ್ನಾಗಿ ಹಾಡಿದಷ್ಟೂ ಜನ ಸುಮ್ಮನೆ ಕೇಳುತ್ತಾ ಕುಳಿತುಬಿಡುತ್ತಾರೆ.

ಮಾಸ್ತರರು ಇದಕ್ಕೆ ಕಂಡುಕೊಂಡ ದಾರಿ ಸರಳ. ಎಳೆಯರ ಕಂಠಕ್ಕೆ ಹಾರ್ಮೋನಿಯಂನ ಮೂರನೆಯ ಕಪ್ಪು ಮನೆ ಹಿತವಾಗಿದ್ದರೂ, ಪಲ್ಲವಿ ಮೇಲಿನ ಷಡ್ಜಕ್ಕೆ ಏರುವ ಹಾಡಾದರೆ ಅವರು ಶ್ರುತಿಯನ್ನು ಮೊದಲನೆಯ ಕಪ್ಪು ಮನೆಗೆ ಇಳಿಸುತ್ತಿದ್ದರು. ಏಕೆಂದರೆ ಅಷ್ಟು ಎತ್ತರಕ್ಕೆ ಅಜ್ಜಿಯರ ದನಿ ಏರದು. ಪೂಜೆಗೆ ಹತ್ತು ನಿಮಿಷ ಮುಂಚೆ ಪಲ್ಲವಿಯನ್ನು ಮೊದಲು ತಾವೊಬ್ಬರೇ, ನಂತರ ವೃಂದ, ಆಮೇಲೆ ಎಲ್ಲರೂ ಹಾಡುವಂತೆ ಕಲಿಸುತ್ತಿದ್ದರು. ಕೊನೆಯ ಪಲ್ಲವಿಗೆ ಹಾರ್ಮೋನಿಯಂ ನಿಲ್ಲಿಸಿ ಕಿವಿಗೊಡುತ್ತಿದ್ದರು. ವೃಂದದ ದನಿಯಷ್ಟೇ ಕೇಳಿಸಿದರೆ ಶ್ರುತಿ ಹೆಚ್ಚಾಯಿತು, ಇಲ್ಲವೇ ನಡೆ ವೇಗವಾಯಿತು ಎಂದು ತಿಳಿದು ಮುಂದಿನ ವಾರ ತಿದ್ದುತ್ತಿದ್ದರು.

ಮಾಸ್ತರರಿಲ್ಲವೆಂದು ಪೆನ್‌ಡ್ರೈವಿನಲ್ಲಿ ತುಂಬಿಸಿದ ಸಂಗೀತ ಹಾಕೋಣ ಎಂಬ ಸಲಹೆ ಬಂದಿದೆ. ಆ ಸಂಗೀತ ಹಿಂದಿನ ಬೆಂಚಿನ ಅಜ್ಜಿಯ ಉಸಿರಿಗಾಗಿ ಕಾಯುವುದಿಲ್ಲ. ಕೆಲವು ತಿಂಗಳಿಂದ ಮಾಸ್ತರರು ಜನರ ನಡುವೆ ಕುಳಿತು, ಅವರ ಶಿಷ್ಯೆಯೇ ವೃಂದವನ್ನು ನಡೆಸುತ್ತಿದ್ದಾಳೆ. ಕೊನೆಯ ಪಲ್ಲವಿಗೆ ಅವಳೂ ಹಾರ್ಮೋನಿಯಂ ನಿಲ್ಲಿಸಿ ಕೇಳುತ್ತಾಳೆ.

ಬಲಿಪೂಜೆಯಲ್ಲಿ ಸ್ತುತಿ ಸಲ್ಲುವುದು ದೇವರಿಗೆ. ಆದ್ದರಿಂದ ಮಕ್ಕಳು ಬರೆದ ಈ ಹಾಡು ಮಾಸ್ತರರಿಗಾಗಿ ದೇವರನ್ನು ವಂದಿಸುತ್ತದೆ. ಪರಮಪ್ರಸಾದದ ನಂತರದ ಪ್ರಾರ್ಥನೆ ಮುಗಿದ ಮೇಲೆ, ಅಂತಿಮ ಆಶೀರ್ವಾದಕ್ಕೆ ಮುನ್ನ ಹಾಡೋಣ:

ಸ್ವರವ ಕೊಟ್ಟ ಸ್ವಾಮಿಯೇ, ನಿನಗೆ ವಂದನೆ
ಸ್ವರವ ಕಲಿಸಿದವರಿಗೆ ನಿನ್ನ ರಕ್ಷಣೆ

ಖಾನಾಪುರದ ಮಳೆಯಲಿ ನೆನೆದು ಬಂದರು
ಕಾದು ಕುಳಿತ ಮಕ್ಕಳಿಗೆ ರಾಗ ತಂದರು

ತಮ್ಮ ದನಿಯ ತಗ್ಗಿಸಿ ನಮ್ಮ ಕೇಳಿದರು
ಅಂಜಿ ನಿಂತ ಕಂಠಕೂ ಧೈರ್ಯ ಹೇಳಿದರು

ಶಾಲಿನೊಂದಿಗೆ ಕೊಡುವ ಪತ್ರದಲ್ಲಿ ಮಕ್ಕಳು ಹೀಗೆ ಬರೆದಿದ್ದಾರೆ:

"ಮಾನ್ಯ ಮಾಸ್ತರರೇ, ನಮ್ಮಲ್ಲಿ ಕೊಂಕಣಿಯವರು, ಮರಾಠಿಯವರು, ಕನ್ನಡದವರು ಇದ್ದೇವೆ. ಹಾಡುವ ಮೊದಲು ಪ್ರತಿ ಸಾಲಿನ ಅರ್ಥವನ್ನು ನಮ್ಮ ನಮ್ಮ ಮಾತಿನಲ್ಲಿ ಹೇಳಿಸುತ್ತಿದ್ದಿರಿ. ತಪ್ಪಿದವರನ್ನು ಎಲ್ಲರೆದುರು ಗದರಿಸಲಿಲ್ಲ. ನಿಮ್ಮ ಹಾಡಿನ ಪುಸ್ತಕ ನಮ್ಮ ಬಳಿ ಇದೆ. ಹಬ್ಬಕ್ಕೆ ತಪ್ಪದೇ ಬನ್ನಿ. ನೀವು ಕೂತು ಕೇಳಿರಿ, ನಾವು ಹಾಡುತ್ತೇವೆ."

ಪ್ರಿಯರೇ, ಇಂದು ಕೊನೆಯ ಪಲ್ಲವಿಗೆ ಹಾರ್ಮೋನಿಯಂ ನಿಲ್ಲುತ್ತದೆ. ಆಗ ನಿಮ್ಮೆಲ್ಲರ ದನಿ ಮಾಸ್ತರರಿಗೆ ಕೇಳಿಸಲಿ. ಪ್ರಭು ಅವರನ್ನು ಆಶೀರ್ವದಿಸಲಿ. ಆಮೆನ್.