ದುಡ್ಡು ಕೊಟ್ಟ ಹಾಡು ಪೆನ್‌ಡ್ರೈವ್‌ಗೆ ಯಾಕೆ ಬರಲ್ಲ?

ಹಲಗೂರಿಂದ ಮಾತಾಡ್ತಿದ್ದೀನಿ. ನಮ್ಮಪ್ಪ ಒಂದು ಮ್ಯೂಸಿಕ್ ಆ್ಯಪ್‌ಗೆ ತಿಂಗಳು ತಿಂಗಳು ದುಡ್ಡು ಕಟ್ತಾರೆ. ಅದರಲ್ಲಿ ಡೌನ್‌ಲೋಡ್ ಮಾಡ್ಕೊಂಡಿರೋ ರಾಜ್‌ಕುಮಾರ್ ಹಾಡುಗಳನ್ನ ಪೆನ್‌ಡ್ರೈವ್‌ಗೆ ಹಾಕ್ಕೊಡು, ಟ್ರ್ಯಾಕ್ಟರಲ್ಲಿ ಕೇಳ್ತೀನಿ ಅಂದ್ರು. ಆಗಲ್ಲಪ್ಪ ಅಂದೆ. "ದುಡ್ಡು ಕೊಟ್ಟಿಲ್ವೇನ್ಲಾ? ಹಾಡು ಫೋನಲ್ಲೇ ಐತಲ್ಲ!"

ಫೋನಲ್ಲಿ ಇರೋದು ನಿಜ. ಆದ್ರೆ ಅದು ಎಂಪಿ3 ಅಲ್ಲ, ಬೀಗ ಹಾಕಿದ ಪೆಟ್ಟಿಗೆ. ಬೀಗದ ಕೀ ಆ ಆ್ಯಪ್ ಹತ್ರ ಮಾತ್ರ ಇರುತ್ತೆ. ಫೈಲ್ ಹುಡುಕಿ ಕಾಪಿ ಮಾಡಿದ್ರೂ ಪೆನ್‌ಡ್ರೈವ್‌ಗೆ ಹೋಗೋದು ಪೆಟ್ಟಿಗೆ, ಕೀ ಅಲ್ಲ. ಟ್ರ್ಯಾಕ್ಟರ್ ಸ್ಟೀರಿಯೋಗೆ ಅದನ್ನ ತೆಗೆಯೋಕೇ ಬರಲ್ಲ.

ಬೀಗ ಯಾಕೆ? ಅಪ್ಪ ಕಟ್ಟಿದ್ದು ಕ್ಯಾಸೆಟ್ ಕೊಂಡ ದುಡ್ಡಲ್ಲ, ತಿಂಗಳ ಬಾಡಿಗೆ. ಹಾಡಿನ ಹಕ್ಕು ಆಡಿಯೋ ಕಂಪನಿಯದು. ಆ್ಯಪ್‌ಗೆ ಸಿಕ್ಕಿರೋದು ಚಂದಾದಾರರಿಗೆ ಕೇಳಿಸೋ ಅನುಮತಿ. ಫೈಲ್ ಹೊರಗೆ ಬರೋ ಹಾಗಿದ್ರೆ, ಒಂದು ತಿಂಗಳ ದುಡ್ಡಲ್ಲಿ ಸಾವಿರ ಹಾಡು ಇಳಿಸ್ಕೊಂಡು ಚಂದಾ ನಿಲ್ಲಿಸಬಹುದಿತ್ತು.

ಕೀಗೂ ಅವಧಿ ಇದೆ. ಉದಾಹರಣೆಗೆ ಸ್ಪಾಟಿಫೈ, 30 ದಿನಕ್ಕೊಮ್ಮೆಯಾದ್ರೂ ಇಂಟರ್ನೆಟ್‌ಗೆ ಬರಬೇಕು ಅನ್ನುತ್ತೆ. ಬರದಿದ್ರೆ ಡೌನ್‌ಲೋಡ್ ಹೋಗುತ್ತೆ. ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದ್ರೂ ಅಷ್ಟೇ.

ಹಾಗಾದ್ರೆ ಏನುಪಯೋಗ? ಮುತ್ತತ್ತಿ ಕಾಡು ದಾರೀಲಿ ನೆಟ್‌ವರ್ಕ್ ಹೋದ್ರೂ ಹಾಡು ನಿಲ್ಲಲ್ಲ. ಹೊರಡೋ ಮುಂಚೆ ಏರೋಪ್ಲೇನ್ ಮೋಡ್ ಹಾಕಿ ಒಂದು ಹಾಡು ಪ್ಲೇ ಮಾಡಿ ನೋಡಿ. ಸ್ಟೀರಿಯೋಲಿ ಬ್ಲೂಟೂತ್ ಇದ್ರೆ ಫೋನಿಂದಲೇ ಕೇಳಬಹುದು. ಪೆನ್‌ಡ್ರೈವಲ್ಲೇ ಬೇಕು ಅಂದ್ರೆ, ಎಂಪಿ3 ಆಗಿ ಮಾರೋ ಕಡೆ ಹಾಡನ್ನ ಕೊಂಡ್ಕೋಬೇಕು. ಅದು ಬಾಡಿಗೆ ಅಲ್ಲ, ಸ್ವಂತದ್ದು.