ಕೆಂಪು ಗೆರೆ ಬೀಳದ ತಪ್ಪು

ಅವಸರದ ಇಮೇಲಿನಲ್ಲಿ ಅಕ್ಷರ ತಪ್ಪಿದ ಪದಕ್ಕಿಂತ ಹೆಚ್ಚು ಅಪಾಯದ್ದು, ಫೋನು ತಾನೇ ತಿದ್ದಿ ಕೂರಿಸಿದ ಇನ್ನೊಂದು ಪದ. ಖಂಡಿತ ಬರುತ್ತೇನೆ ಎನ್ನಲು ಇಂಗ್ಲಿಷಿನ ‘ಡೆಫಿನೆಟ್ಲಿ’ ಬರೆಯುವಾಗ ‘ಐ’ ಬದಲು ‘ಎ’ ಬಿದ್ದರೂ ಓದುವವರಿಗೆ ಅರ್ಥವಾಗುತ್ತದೆ. ಫೋನು ಅದನ್ನು ‘ಡಿಫಯಂಟ್ಲಿ’ ಎಂದು ತಿದ್ದಿದರೆ, ಧಿಕ್ಕರಿಸಿ ಬರುತ್ತೇನೆ ಎಂದಾಗಿಬಿಡುತ್ತದೆ. ಆ ಪದ ನಿಘಂಟಿನಲ್ಲಿದೆ, ಹಾಗಾಗಿ ಕೆಂಪು ಗೆರೆ ಬೀಳುವುದಿಲ್ಲ. ಹಿಂದೆ ಸಹಕಾರ ಎಂಬರ್ಥದ ‘ಕೋಆಪರೇಷನ್’ ಪದ ಕ್ಯಾಲಿಫೋರ್ನಿಯಾದ ಕೂಪರ್ಟಿನೋ ಊರಿನ ಹೆಸರಾಗಿ ಯುರೋಪಿಯನ್ ಒಕ್ಕೂಟದ ದಾಖಲೆಗಳಲ್ಲಿ ಉಳಿದುಬಿಟ್ಟದ್ದೂ ಹೀಗೆಯೇ.

ಕಳುಹಿಸುವ ಮುನ್ನ ಇನ್ನೊಮ್ಮೆ ಓದಿದರೆ ಸಾಲದೇ ಎಂದು ಕೇಳಬಹುದು. ಸಾಲದು. ಬರೆದವರ ಕಣ್ಣು, ಬರೆಯಬೇಕೆಂದುಕೊಂಡದ್ದನ್ನೇ ಓದಿಕೊಳ್ಳುತ್ತದೆ. ಕೊನೆಯಿಂದ ಹಿಂದಕ್ಕೆ ಓದುವ ಹಳೆಯ ಉಪಾಯವೂ ಇಲ್ಲಿ ಸೋಲುತ್ತದೆ, ಏಕೆಂದರೆ ಬಿಡಿಯಾಗಿ ನೋಡಿದರೆ ಪ್ರತಿ ಪದವೂ ಸರಿ. ‘ನೌ’ ಹೋಗಿ ‘ನಾಟ್’ ಬಂದರೆ, ಈಗ ಕೊಡಬಲ್ಲೆವು ಎಂಬ ಮಾತು ಕೊಡಲಾರೆವು ಎಂದಾಗುತ್ತದೆ; ವ್ಯಾಕರಣವೂ ಕೆಡುವುದಿಲ್ಲ. ಆದ್ದರಿಂದ ನಿರ್ಧಾರವನ್ನು ಹೊತ್ತ ಪದಗಳನ್ನೇ ಹುಡುಕಿ ನೋಡಬೇಕು: ಹೌದೋ ಅಲ್ಲವೋ ಎಂಬುದು, ಹೆಸರು, ದಿನ. ಫೋನಿನಿಂದಲೇ ಗಟ್ಟಿಯಾಗಿ ಓದಿಸಿ ಕೇಳಿದರೆ ಇನ್ನೂ ಒಳ್ಳೆಯದು, ಬಿದ್ದಿರುವ ಪದವೇ ಕಿವಿಗೆ ಬೀಳುತ್ತದೆ. ತಾನಾಗಿ ತಿದ್ದುವುದನ್ನು ನಿಲ್ಲಿಸಿ, ಗೆರೆ ಎಳೆಯುವುದನ್ನು ಮಾತ್ರ ಉಳಿಸಿಕೊಳ್ಳಲೂಬಹುದು. ಆಗ ತಪ್ಪು ಹೆಚ್ಚಾಗಿ ತಪ್ಪಾಗಿಯೇ ಕಣ್ಣಿಗೆ ಕಾಣುತ್ತದೆ.